ತೆರಿಗೆ ತಕರಾರು: ಸುಪ್ರೀಂ ಕೋರ್ಟ್‌ವರೆಗೆ ಹೋಗುವುದು ಯಾವುದು?

ಆದಾಯ ತೆರಿಗೆ ಅಧಿಕಾರಿಯ ಆದೇಶದ ವಿರುದ್ಧ ಮೊದಲು ಆಯುಕ್ತರಿಗೆ (ಮೇಲ್ಮನವಿ), ನಂತರ ಮೇಲ್ಮನವಿ ನ್ಯಾಯಮಂಡಳಿಗೆ, ಬಳಿಕ ಹೈಕೋರ್ಟ್, ಸುಪ್ರೀಂ ಕೋರ್ಟ್‌ಗೆ ಹೋಗಬಹುದು. ಆದರೆ ಎಲ್ಲ ತಕರಾರುಗಳಿಗೂ ಈ ದಾರಿ ಕೊನೆಯವರೆಗೆ ತೆರೆದಿರುವುದಿಲ್ಲ.

ಬೆಂಗಳೂರಿನಲ್ಲಿ ಶುರುವಾದ ಎಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣ ನೋಡಿ. ಕಂಪನಿ ತನ್ನ ಬಳಕೆಗೆ ಅಮೆರಿಕದಿಂದ ಸಾಫ್ಟ್‌ವೇರ್ ತರಿಸಿತ್ತು. ಕೊಟ್ಟ ಹಣ ರಾಯಲ್ಟಿ, ಹಾಗಾಗಿ ಟಿಡಿಎಸ್ ಕಡಿತ ಮಾಡಬೇಕಿತ್ತು ಎಂದರು ಅಧಿಕಾರಿ. ಆಯುಕ್ತರೂ ಒಪ್ಪಿದರು. ನ್ಯಾಯಮಂಡಳಿ ಒಪ್ಪಲಿಲ್ಲ. 2011ರಲ್ಲಿ ಕರ್ನಾಟಕ ಹೈಕೋರ್ಟ್ ಮತ್ತೆ ಇಲಾಖೆಯ ಪರ ನಿಂತಿತು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್, ಖರೀದಿದಾರನಿಗೆ ಕಾಪಿರೈಟ್‌ನ ಹಕ್ಕು ಸಿಗದ ಕಾರಣ ಅದು ರಾಯಲ್ಟಿ ಅಲ್ಲ ಎಂದಿತು.

ಗಮನಿಸಿ, ಸಾಫ್ಟ್‌ವೇರ್ ಕೊಂಡದ್ದು, ಹಣ ಕೊಟ್ಟದ್ದರ ಬಗ್ಗೆ ಜಗಳವಿರಲಿಲ್ಲ. ಇದ್ದದ್ದು 'ರಾಯಲ್ಟಿ' ಪದದ ಅರ್ಥದ ಬಗ್ಗೆ. ಕಾನೂನಿನ ಇಂತಹ ಮಹತ್ವದ ಪ್ರಶ್ನೆ ಇದ್ದರಷ್ಟೇ ಹೈಕೋರ್ಟ್ ಮೇಲ್ಮನವಿ ಸ್ವೀಕರಿಸುತ್ತದೆ.

ಅದೇ, ಖಾತೆಗೆ ತುಂಬಿದ ನಗದು ಎಲ್ಲಿಂದ ಬಂತು ಎಂಬ ತಕರಾರು ಎಂದುಕೊಳ್ಳಿ. ಹಿಂದೆ ಬ್ಯಾಂಕಿನಿಂದ ತೆಗೆದ ಹಣವೇ ಅದು ಎಂಬ ವಿವರಣೆಯನ್ನು ನಂಬುವುದೋ ಬಿಡುವುದೋ ಎಂಬುದು ಸಂಗತಿಯ ಪ್ರಶ್ನೆ. ಅದರಲ್ಲಿ ಸಾಮಾನ್ಯವಾಗಿ ನ್ಯಾಯಮಂಡಳಿಯದೇ ಕೊನೆಯ ಮಾತು. ಆಧಾರವೇ ಇಲ್ಲದೆ ತೀರ್ಮಾನಿಸಿದ್ದರೆ ಮಾತ್ರ ಹೈಕೋರ್ಟ್ ಕೈಹಾಕುತ್ತದೆ.

ಹಾಗಾಗಿ ಬ್ಯಾಂಕ್ ಸ್ಟೇಟ್‌ಮೆಂಟನ್ನು ಮೊದಲ ಅಧಿಕಾರಿಯ ಮುಂದೆಯೇ ಇಡಬೇಕು. ಆಗ ಕೊಡದ ದಾಖಲೆಯನ್ನು ಮೇಲ್ಮನವಿಯಲ್ಲಿ ಕೊಡಲು ತಕ್ಕ ಕಾರಣ ತೋರಿಸಬೇಕಾಗುತ್ತದೆ.