ಅನ್ಯರ ಒಟಿಪಿ ನಮ್ಮ ಫೋನಿಗೆ ಬಂದರೆ

ಗಿರಣಿಯ ಕಾರ್ಮಿಕನೊಬ್ಬ ಹೊಸ ಸಿಮ್ ಕೊಂಡನೆನ್ನಿ. ವಾರ ತುಂಬುವುದರೊಳಗೆ, ತಾನು ಖಾತೆಯನ್ನೇ ಇಡದ ಬ್ಯಾಂಕಿನಿಂದ ಅವನಿಗೆ ಒಟಿಪಿ ಬರುತ್ತದೆ. ಮರುದಿನ ಆಧಾರ್ ಒಟಿಪಿ. ಯಾರೋ ತನ್ನ ಹಣಕ್ಕೆ ಕೈ ಹಾಕಿದರೆಂದು ಅವನು ಗಾಬರಿಯಾಗುತ್ತಾನೆ. ಆದರೆ ಬಹುಮಟ್ಟಿಗೆ ಸಂಗತಿ ಬೇರೆಯೇ: ಆ ನಂಬರು ಹಿಂದೆ ಇನ್ನೊಬ್ಬರದಾಗಿತ್ತು.

ರೀಚಾರ್ಜಿಲ್ಲದೆ ಬಳಕೆ ನಿಂತ ನಂಬರನ್ನು ಕಂಪನಿ ರದ್ದು ಮಾಡುತ್ತದೆ. ರದ್ದಾಗಿ ಕನಿಷ್ಠ 90 ದಿನ ಕಳೆದ ಮೇಲೆ ಅದನ್ನು ಬೇರೆಯವರಿಗೆ ಮಾರಬಹುದು. 2023ರಲ್ಲಿ ಈ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, ತನ್ನ ಮಾಹಿತಿಯನ್ನು ಕಾಪಾಡಿಕೊಳ್ಳುವ ಹೊಣೆ ಹಳೆಯ ಗ್ರಾಹಕನದೇ ಎಂದು ನ್ಯಾಯಾಲಯ ಹೇಳಿತು. ರೀಚಾರ್ಜಿಗೆ ದುಡ್ಡಿಲ್ಲದೆ ನಂಬರು ಕಳೆದುಕೊಂಡವನ ತಲೆಯ ಮೇಲೆಯೇ ಈ ಹೊರೆಯೂ ಬಿತ್ತು! ರದ್ದಾದ ನಂಬರುಗಳ ಪಟ್ಟಿ ನೋಡಿ ತಮ್ಮ ದಾಖಲೆ ಸರಿಪಡಿಸಿಕೊಳ್ಳಿರೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ತಿಳಿಸಿದ್ದು 2025ರ ಜನವರಿಯಲ್ಲಿ.

ಆ ಅಪರಿಚಿತನೂ ಕೆಲಸ ಬಿಟ್ಟ ಕಾರ್ಮಿಕನೇ ಇರಬಹುದು. ಪ್ರಾವಿಡೆಂಟ್ ಫಂಡಿನ ಹಣಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ, ಆಧಾರಿನಲ್ಲಿ ದಾಖಲಾದ ನಂಬರಿಗೆ ಒಟಿಪಿ ಹೋಗುತ್ತದೆ. ಆ ನಂಬರು ಈಗ ನಿಮ್ಮ ಜೇಬಿನಲ್ಲಿದೆ. ಅವನ ಹಣ ಅಲ್ಲಿಯೇ ನಿಂತಿತು.

ಹಾಗೆಂದು, 'ಅದು ನನ್ನ ಹಳೇ ನಂಬರು ಅಣ್ಣಾ, ಒಟಿಪಿ ಹೇಳಿಬಿಡಿ' ಎಂದು ಯಾರಾದರೂ ಫೋನು ಮಾಡಿದರೆ ಹೇಳಬಾರದು. ಕೇಳುವವನು ಹಣದ ಒಡೆಯನೋ ಕಳ್ಳನೋ ಧ್ವನಿಯಿಂದ ತಿಳಿಯದು. ಮೋಸಗಾರರು ನಿಮ್ಮದೇ ಖಾತೆಯ ಒಟಿಪಿಯನ್ನು ಇದೇ ಮಾತಿನಿಂದ ಕೀಳುವುದೂ ಉಂಟು. ಸಂದೇಶವನ್ನು ಪೂರ್ತಿ ಓದಿರಿ: ಬ್ಯಾಂಕು ಯಾವುದು, ಖಾತೆಯ ಕೊನೆಯ ಅಂಕಿಗಳು ಯಾರವು? ನಿಮ್ಮವೇ ಆಗಿದ್ದರೆ ಕೂಡಲೇ ನಿಮ್ಮ ಬ್ಯಾಂಕಿಗೆ ತಿಳಿಸಿರಿ. ಹಣ ಹೋಗಿದ್ದರೆ 1930ಕ್ಕೆ ಫೋನು ಮಾಡಿರಿ. ನಿಮ್ಮವಲ್ಲದಿದ್ದರೆ, ಕೇಳಿದವನಿಗೆ ಆಧಾರ್ ಕೇಂದ್ರಕ್ಕೆ ಹೋಗಿ ನಂಬರು ಬದಲಿಸಿಕೊಳ್ಳಲು ಹೇಳಿರಿ. ನಿಜವಾದ ಒಡೆಯನಾದರೆ ಅವನಿಗೆ ಆ ದಾರಿ ತೆರೆದಿದೆ.

ಇನ್ನು ಸಂದೇಶ ಕಳಿಸಿದ ಬ್ಯಾಂಕಿನ ಹತ್ತಿರದ ಶಾಖೆಗೆ ಹೋಗಿ, 'ಈ ನಂಬರು ಈಗ ನನ್ನದು, ನಿಮ್ಮ ಗ್ರಾಹಕರದಲ್ಲ' ಎಂದು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಸಂದೇಶ ಬಂದ ದಿನ, ವೇಳೆ ಬರೆಯಿರಿ. ಒಟಿಪಿಯ ಅಂಕಿಗಳನ್ನು ಬರೆಯಬೇಡಿರಿ. ಗ್ರಾಹಕನ ಹೆಸರನ್ನು ಅವರು ಹೇಳುವುದಿಲ್ಲ, ಹೇಳಲೂಬಾರದು. ಅವನನ್ನು ವಿಚಾರಿಸದೆ ನಂಬರು ತೆಗೆಯಲು ಹಿಂಜರಿಯಲೂಬಹುದು. ಅಷ್ಟು ದಿನ ಸಂದೇಶಗಳು ಬರುತ್ತಲೇ ಇರುತ್ತವೆ. ಕಾಟ ಹೆಚ್ಚಾಗಿದ್ದರೆ, ನಿಮ್ಮ ಬ್ಯಾಂಕಿಗೂ ಗಿರಾಕಿಗಳಿಗೂ ಆ ನಂಬರು ಕೊಡುವ ಮೊದಲೇ ಬೇರೆ ಸಿಮ್ ಕೊಳ್ಳುವುದು ಲೇಸು.

ನಿಮ್ಮ ಹಳೆಯ ಸಿಮ್ ಬಿಡುವುದಾದರೆ, ಅದು ಜೀವಂತವಿರುವಾಗಲೇ ಆಧಾರ್, ಬ್ಯಾಂಕು, ಪ್ರಾವಿಡೆಂಟ್ ಫಂಡು ಮೂರರಲ್ಲೂ ಹೊಸ ನಂಬರು ಹಾಕಿಸಿರಿ. ಮೊದಲು ಆಧಾರ್, ಉಳಿದೆಡೆಯೂ ಹೆಚ್ಚಾಗಿ ಅದರ ಒಟಿಪಿಯನ್ನೇ ಕೇಳುತ್ತಾರೆ.