ಬುಟ್ಟಿ ಅಲ್ಲ, ನಾವು ಮಾರಿದ್ದು ಗಾಳಿ!



ಕಳೆದ ತಿಂಗಳು ಪೂಜೆ ಮುಗಿಸಿ ಹೊರಗೆ ಬರುವಾಗ ನಮ್ಮ ವಾಳೆಯ ಆಂಟಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. "ನೀನೇ ಅಲ್ವಾ ಆನ್‌ಲೈನಲ್ಲಿ ಹಾಕು ಅಂತ ಹೇಳಿದ್ದು? ಬುಟ್ಟಿ ಹೋಯ್ತು, ದುಡ್ಡು ಎಲ್ಲಿ?" ಎಂದು ಕೇಳಿದರು. ಅವರು ಮುಂಡೇವು ಓಲೆಯಿಂದ ಬುಟ್ಟಿ, ಚಾಪೆ ಹೆಣೆಯುವವರು. ನಾವು ಮೂಡೆ ಕಟ್ಟುವ ಅದೇ ಓಲೆ. ಮುಳ್ಳು ತೆಗೆದು, ಬೇಯಿಸಿ, ಒಣಗಿಸಿ, ಸೀಳಿ ಹೆಣೆದರೆ ಒಂದು ಬುಟ್ಟಿಗೆ ಎರಡು ದಿನ ಬೇಕು. ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅದೇ ಸಂಜೆ ಅವರ ಮನೆಗೆ ಹೋಗಿ ಕುಳಿತು ಲೆಕ್ಕದ ಚೀಟಿ ತೆರೆದೆವು. ಅಲ್ಲಿ ಕಂಡದ್ದನ್ನು ಎಲ್ಲರಿಗೂ ಹೇಳಬೇಕು ಅನ್ನಿಸಿತು.

ಬುಟ್ಟಿಯ ಬೆಲೆ 599 ರೂಪಾಯಿ. ತೂಕ 400 ಗ್ರಾಂ. ಆದರೆ ಚೀಟಿಯಲ್ಲಿ ಸಾಗಣೆಗೆ ಹಿಡಿದ ತೂಕ 4.5 ಕಿಲೋ! ಆಂಟಿ ಇದು ಮೋಸ ಎಂದರು. ಮೋಸ ಅಲ್ಲ. ಕೊರಿಯರ್ ಗಾಡಿಯಲ್ಲಿ ಜಾಗಕ್ಕೂ ಬೆಲೆ ಉಂಟು. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಅಂಕಿ ಕಿಲೋ ಲೆಕ್ಕದ ಗಾತ್ರ ತೂಕ. ನಿಜವಾದ ತೂಕ ಮತ್ತು ಇದು, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ ಹಿಡಿಯುತ್ತಾರೆ. ನಮ್ಮ ಡಬ್ಬ 30, 30, 25. ಗುಣಿಸಿದರೆ 22,500. ಭಾಗಿಸಿದರೆ ಸರಿಯಾಗಿ 4.5. ಅಂದರೆ ನಾವು ಕಳಿಸಿದ್ದು ಬುಟ್ಟಿಗಿಂತ ಹೆಚ್ಚಾಗಿ ಅದರೊಳಗಿನ ಗಾಳಿಯನ್ನು.

ಉಳಿದ ಲೆಕ್ಕ ನೋಡಿ. ಕಮಿಷನ್ 60, ಪ್ರತಿ ಆರ್ಡರಿಗೆ ನಿಗದಿತ ಶುಲ್ಕ 30, ಸಾಗಣೆ 150, ಒಟ್ಟು 240. ಈ ಶುಲ್ಕಗಳ ಮೇಲೆ ಶೇಕಡಾ 18 ಜಿಎಸ್‌ಟಿ 43. ಕಡಿತವೇ 283 ರೂಪಾಯಿ. ಕೈಗೆ ಬಂದದ್ದು 316. ಓಲೆಗೆ 100, ಡಬ್ಬಕ್ಕೆ 35 ಕಳೆದರೆ ಎರಡು ದಿನದ ಕೆಲಸಕ್ಕೆ ಉಳಿದದ್ದು 181. ದರಗಳು ತಾಣದಿಂದ ತಾಣಕ್ಕೆ ಬೇರೆ ಇರುತ್ತವೆ, ಆದರೆ ಲೆಕ್ಕದ ದಾರಿ ಇದೇ.

ಇಷ್ಟಾದರೆ ಪರವಾಗಿರಲಿಲ್ಲ. ಮೂರನೇ ಬುಟ್ಟಿ ವಾಪಸ್ ಬಂತು. ಕಾರಣ: "ಫೋಟೋದಲ್ಲಿ ಇದ್ದ ಬಣ್ಣ ಅಲ್ಲ." ಹೋದ ಸಾಗಣೆ, ಬಂದ ಸಾಗಣೆ, ಜಿಎಸ್‌ಟಿ ಸೇರಿ 354 ರೂಪಾಯಿ ನಮ್ಮ ತಲೆಗೇ ಬಿತ್ತು. ಡಬ್ಬವೂ ಹೋಯಿತು. ಎರಡು ಬುಟ್ಟಿಯಲ್ಲಿ ಉಳಿದದ್ದನ್ನು ಒಂದು ವಾಪಸಾತಿ ತಿಂದು ಮುಗಿಸಿತು. ಅದಕ್ಕೇ "ದುಡ್ಡು ಎಲ್ಲಿ" ಎಂಬ ಪ್ರಶ್ನೆ.

ಬಣ್ಣದ ತಪ್ಪು ನನ್ನದೇ. ಫೋಟೋ ತೆಗೆದದ್ದು ನಾನು, ರಾತ್ರಿ, ಮನೆಯ ಹಳದಿ ಬಲ್ಬಿನ ಕೆಳಗೆ. ಒಣಗಿದ ಓಲೆಯ ಮಾಸಲು ಬಣ್ಣ ಅದರಲ್ಲಿ ಜೇನಿನ ಹಾಗೆ ಹೊಳೆಯುತ್ತಿತ್ತು. ಚೆಂದ ಕಂಡಿತು ಎಂದು ಹಾಕಿಬಿಟ್ಟೆ. ಈಗ ಬೆಳಿಗ್ಗೆ ಒಂಬತ್ತು ಗಂಟೆಯ ಹೊತ್ತಿಗೆ ಜಗಲಿಯ ನೆರಳಿನಲ್ಲಿ, ಫ್ಲ್ಯಾಶ್ ಹಾಕದೆ ತೆಗೆಯುತ್ತೇನೆ. ಪಕ್ಕದಲ್ಲಿ ಒಂದು ಬಿಳಿ ಕಾಗದ ಇಡುತ್ತೇನೆ. ಫೋನಿನಲ್ಲಿ ಕಾಗದ ಹಳದಿ ಕಂಡರೆ ಬುಟ್ಟಿಯ ಬಣ್ಣವೂ ಸುಳ್ಳು ಎಂದೇ ಅರ್ಥ, ಮತ್ತೆ ತೆಗೆಯಬೇಕು. ಮೊದಲ ಚಿತ್ರ ಬಿಳಿ ಹಿನ್ನೆಲೆಯಲ್ಲಿ ವಸ್ತು ಮಾತ್ರ. ಎರಡನೆಯದರಲ್ಲಿ ಅದನ್ನು ಕೈಯಲ್ಲಿ ಹಿಡಿದಿರಬೇಕು, ಇಲ್ಲದಿದ್ದರೆ ಗಾತ್ರ ತಿಳಿಯುವುದಿಲ್ಲ. ಮೂರನೆಯದು ತಳ ಮತ್ತು ಅಂಚು ಹತ್ತಿರದಿಂದ. ಓಲೆಯಲ್ಲಿ ಕಪ್ಪು ಗೆರೆ ಇದ್ದರೆ ಅದೂ ಕಾಣಲಿ. ಗೆರೆ ನೋಡಿ ಬೇಡ ಎನ್ನುವವರು ಕೊಳ್ಳುವ ಮೊದಲೇ ಬೇಡ ಎನ್ನಲಿ. ಕೊಂಡ ಮೇಲೆ ಬೇಡ ಎಂದರೆ ನಮಗೆ 354 ರೂಪಾಯಿ ಖರ್ಚು.

ಕಳಿಸುವ ಮೊದಲು ಇನ್ನೊಂದು ಎಚ್ಚರ. ಮಳೆಗಾಲದಲ್ಲಿ ಓಲೆ ತೇವ ಎಳೆದುಕೊಳ್ಳುತ್ತದೆ. ಹಾಗೇ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಳಿಸಿದರೆ ದಾರಿಯಲ್ಲೇ ಬೂಷ್ಟು ಹಿಡಿಯುತ್ತದೆ. ಚೆನ್ನಾಗಿ ಬಿಸಿಲು ಕಾಣಿಸಿ, ಕಾಗದದಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಪೊಟ್ಟಣ ಇಡಿ. ಡಬ್ಬಕ್ಕೆ ಹಾಕುವಾಗಲೂ, ವಾಪಸ್ ಬಂದ ಡಬ್ಬ ತೆರೆಯುವಾಗಲೂ ವಿಳಾಸದ ಚೀಟಿ ಕಾಣುವಂತೆ ವಿಡಿಯೋ ಮಾಡಿ. ಜಜ್ಜಿ ಬಂದ ವಸ್ತುವಿಗೆ ಪರಿಹಾರ ಕೇಳಲು ಅದೇ ಸಾಕ್ಷಿ. ಕೇಳಲು ಕೆಲವೇ ದಿನ ಅವಕಾಶ ಇರುತ್ತದೆ, ಆಮೇಲೆ ಬಾಗಿಲು ಮುಚ್ಚಿತು.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಬಿಡಿ ಬುಟ್ಟಿಯನ್ನು ಆನ್‌ಲೈನಿನಲ್ಲಿ ಮಾರುವುದನ್ನು ನಾವು ನಿಲ್ಲಿಸಬೇಕು. ಅದೇ ಓಲೆಯಲ್ಲಿ ಚಪ್ಪಟೆ ವಸ್ತು ಮಾಡೋಣ. ಊಟದ ಮೇಜಿನ ಮೇಲೆ ತಟ್ಟೆಯ ಕೆಳಗೆ ಹಾಸುವ ಆರು ಚಿಕ್ಕ ಚಾಪೆಗಳ ಕಟ್ಟು 46, 32, 3 ಸೆಂಟಿಮೀಟರಿನಲ್ಲಿ ಕೂರುತ್ತದೆ. ಗಾತ್ರ ತೂಕ 0.88 ಕಿಲೋ. ಒಂದು ಕಿಲೋದೊಳಗಿನ ಸಾಗಣೆ ನಮ್ಮ ತಾಣದಲ್ಲಿ 75 ರೂಪಾಯಿ. ಅದೇ 599ಕ್ಕೆ ಮಾರಿದರೆ ಎಲ್ಲ ಕಡಿತ ಸೇರಿ 195, ಓಲೆ ಮತ್ತು ಕವರಿಗೆ 135. ಉಳಿಯುವುದು 269. ವಾಪಸ್ ಬಂದರೂ ನಷ್ಟ 177, ಅಂದರೆ ಅರ್ಧ. ಬುಟ್ಟಿಯನ್ನೇ ಕಳಿಸಬೇಕೆಂದಿದ್ದರೆ ಒಂದರೊಳಗೆ ಒಂದು ಕೂರುವ ಮೂರರ ಜೋಡಿ ಮಾಡಿ. ಡಬ್ಬ ಅದೇ, 4.5 ಕಿಲೋ ಅದೇ, ಬೆಲೆ ಮಾತ್ರ ಮೂರು ಬುಟ್ಟಿಯದ್ದು.

ಯುವಕರಲ್ಲಿ ಕೆಲವರು ಬೇರೆ ಮಾತು ಹೇಳುತ್ತಾರೆ: "ಕೇರಳದೊಳಗೆ ಮಾತ್ರ ಮಾರಿದರೆ ಎಷ್ಟು ಹೋಗುತ್ತೆ? ಜಿಎಸ್‌ಟಿ ನೋಂದಣಿ ಮಾಡಿಸಿ, ಮಂಗಳೂರಿಗೆ, ಬೆಂಗಳೂರಿಗೆ ಕಳಿಸೋಣ." ಇದು ಗಡಿಯಲ್ಲಿರುವ ನಮಗೆ ನಿಜವಾದ ನೋವು. 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿ ಇಲ್ಲದೆಯೂ ತಾಣಗಳಲ್ಲಿ ವಸ್ತು ಮಾರಬಹುದು. ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲಿನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು. ಆಂಟಿಗೆ ನಾವು ಮಾಡಿಸಿದ್ದು ಅದನ್ನೇ. ಆದರೆ ಷರತ್ತು ಏನೆಂದರೆ ರಾಜ್ಯದ ಹೊರಗೆ ಮಾರುವ ಹಾಗಿಲ್ಲ. ಕಾಸರಗೋಡಿನಿಂದ ತಿರುವನಂತಪುರಕ್ಕೆ ಬುಟ್ಟಿ ಹೋಗಬಹುದು, ತಲಪಾಡಿ ದಾಟಿ ಮಂಗಳೂರಿಗೆ ಹೋಗುವಂತಿಲ್ಲ.

ಆದರೂ ಈಗಲೇ ನೋಂದಣಿ ಬೇಡ ಎನ್ನುತ್ತೇನೆ. ನೋಂದಣಿ ಆದಮೇಲೆ ಒಂದು ಬುಟ್ಟಿ ಮಾರದಿದ್ದರೂ ರಿಟರ್ನ್ ಸಲ್ಲಿಸಲೇಬೇಕು, ತಡವಾದರೆ ದಂಡ. ಅದನ್ನು ಯಾರು ಮಾಡುವುದು? ನಾವು ಓದು ಮುಗಿಸಿ ಗಲ್ಫಿಗೋ ಬೆಂಗಳೂರಿಗೋ ಹೋಗುತ್ತೇವೆ, ದಂಡದ ನೋಟಿಸು ಆಂಟಿಯ ಹೆಸರಿಗೆ ಬರುತ್ತದೆ. ಒಂದು ಬುಟ್ಟಿಗೆ 181 ಉಳಿಯುವ ವ್ಯಾಪಾರವನ್ನು ದೂರದ ಊರಿಗೆ ಒಯ್ದರೆ ಸಾಗಣೆ ಇನ್ನೂ ಏರುತ್ತದೆ ಹೊರತು ಲಾಭವಲ್ಲ. ಮೊದಲು ಚಪ್ಪಟೆ ವಸ್ತುವಿನಲ್ಲಿ ಆರು ತಿಂಗಳು ಮಾರಿ ನೋಡೋಣ. ವಾಪಸಾತಿ ಕಳೆದೂ ಪ್ರತಿ ತಿಂಗಳು ಹಣ ಉಳಿದರೆ, ರಿಟರ್ನ್ ಸಲ್ಲಿಸಲು ಊರಲ್ಲೇ ಇರುವ ಒಬ್ಬರು ಒಪ್ಪಿಕೊಂಡರೆ, ಆಗ ನೋಂದಣಿ ಮಾಡಿಸೋಣ.

ಬುಟ್ಟಿಗಳಿಗೆ ನಮ್ಮ ವಾರ್ಷಿಕ ಹಬ್ಬದ ಸ್ಟಾಲ್ ಉಂಟು. ಮಂಗಳೂರಿನ ನೆಂಟರು ಅಲ್ಲಿಗೇ ಬರುತ್ತಾರೆ, ಕೈಯಲ್ಲಿ ಹಿಡಿದು ನೋಡಿ ಕೊಳ್ಳುತ್ತಾರೆ.

ಆಂಟಿ ಈಗ ಚಿಕ್ಕ ಚಾಪೆ ಹೆಣೆಯುತ್ತಿದ್ದಾರೆ. ಪಕ್ಕದಲ್ಲಿ ಒಂದು ಅಳತೆ ಟೇಪು ಇಟ್ಟುಕೊಂಡಿದ್ದಾರೆ. ನಿಮ್ಮ ಮನೆಯಲ್ಲೂ ಮಾರಲು ಏನಾದರೂ ಇದ್ದರೆ, ಬೆಲೆ ಬರೆಯುವ ಮೊದಲು ಡಬ್ಬ ಅಳೆಯಿರಿ. ಲೆಕ್ಕ ಗೊತ್ತಾಗದಿದ್ದರೆ ಭಾನುವಾರ ಪೂಜೆ ಮುಗಿದ ಮೇಲೆ ನನ್ನನ್ನು ಕೇಳಿ, ಕೂತು ಮಾಡೋಣ.