ಐದು ಕಲಂ, ಎರಡೇ ಮಾತು

ಸ್ಥಳೀಯ ಲೆಕ್ಕಪರಿಶೋಧನೆಯ ಜಿಲ್ಲಾ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಅರ್ಜಿ ಕೊಟ್ಟಾಯಿತು, ನೆನಪೋಲೆ ಬರೆದಾಯಿತು, ಮಾಹಿತಿ ಹಕ್ಕಿನಲ್ಲಿ ಕೇಳಿದ್ದೂ ಆಯಿತು. ಬಂದ ಉತ್ತರ ಒಂದೇ: ‘ಪರಿಶೀಲನೆಯಲ್ಲಿದೆ’. ಹಾಗಾಗಿ ಈ ಪತ್ರವನ್ನು ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ಹಿನ್ನೆಲೆ ಜಿಲ್ಲೆಯ ಓದುಗರಿಗೆ ಗೊತ್ತಿರುವುದೇ. ಪಂಚಾಯಿತಿಗಳ ಲೆಕ್ಕಪರಿಶೋಧನಾ ವರದಿಯಲ್ಲಿ ವರ್ಷ ವರ್ಷವೂ ಅದೇ ಆಕ್ಷೇಪಣೆ, ಅದೇ ವಾಕ್ಯ, ಬದಲಾಗುವುದು ಇಸವಿ ಮಾತ್ರ ಎಂಬ ದೂರು ಬಂದಾಗ, ಮುಂದಿನ ವರದಿಯಿಂದ ಪ್ರತಿ ಆಕ್ಷೇಪಣೆಯನ್ನೂ ಸ್ಥಿತಿ, ಮಾನದಂಡ, ಕಾರಣ, ಪರಿಣಾಮ, ಶಿಫಾರಸು ಎಂದು ಐದು ಭಾಗವಾಗಿ ಬರೆಸುತ್ತೇವೆಂದು ತಾವು ಅನುಪಾಲನಾ ಸಭೆಯಲ್ಲಿ ಹೇಳಿದಿರಿ. ಸಭಾ ನಡವಳಿಯಲ್ಲೂ ಅದು ದಾಖಲಾಗಿದೆ. ಹೊಸ ವರದಿ ಬಂದಿದೆ, ಐದು ಕಲಮುಗಳೂ ಬಂದಿವೆ. ಆದರೆ ‘ಕಾರಣ’ ಎಂಬ ಕಲಮಿನಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬರೆದಿರುವುದು ಒಂದೇ ಮಾತು: ‘ನಿಯಮ ಪಾಲಿಸದಿರುವುದು’. ‘ಶಿಫಾರಸು’ ಕಲಮಿನಲ್ಲಿ ಅದರ ಜೋಡಿ: ‘ನಿಯಮ ಪಾಲಿಸತಕ್ಕದ್ದು’. ಕೊಟ್ಟ ಮಾತನ್ನು ಉಳಿಸಿಕೊಂಡದ್ದು ಹೀಗೆ.

ತಕರಾರು ಏನೆಂದು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಇದು ಪದಗಳ ಜಗಳದಂತೆ ಕಾಣುತ್ತದೆ. ವರದಿಯ ಒಂದು ಕಂಡಿಕೆಯನ್ನೇ ತೆಗೆದುಕೊಳ್ಳೋಣ. ಪಂಚಾಯಿತಿಯೊಂದು 2022-23ರಲ್ಲಿ ಗುತ್ತಿಗೆದಾರರ ಕಾಮಗಾರಿ ಬಿಲ್ಲುಗಳಿಂದ ಶೇ 1ರಷ್ಟು ಕಾರ್ಮಿಕ ಕಲ್ಯಾಣ ಸೆಸ್ ಕಟಾಯಿಸಿದೆ, ಆದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಜಮೆ ಮಾಡಿಲ್ಲ. ಇದು ಸ್ಥಿತಿ. ಇದನ್ನು ತಮ್ಮ ಸಿಬ್ಬಂದಿ ಸರಿಯಾಗಿಯೇ ಹಿಡಿದಿದ್ದಾರೆ, ವೋಚರ್ ಸಂಖ್ಯೆ ಸಮೇತ. ಮಾನದಂಡದ ಜಾಗದಲ್ಲಿ ‘ನಿಯಮಾವಳಿಯಂತೆ’ ಎಂದಿದೆ. ಯಾವ ನಿಯಮಾವಳಿ? ಆ ವರ್ಷಕ್ಕೆ ಅನ್ವಯಿಸುತ್ತಿದ್ದುದು 1996ರ ಸೆಸ್ ಕಾಯ್ದೆ ಮತ್ತು ಅದರಡಿಯ 1998ರ ನಿಯಮಗಳು. ಕಟಾಯಿಸಿದ ಹಣ 30 ದಿನದೊಳಗೆ ಮಂಡಳಿಗೆ ಸೇರಬೇಕೆಂದು 5ನೇ ನಿಯಮ ಹೇಳುತ್ತದೆ. ತಡವಾದರೆ ತಿಂಗಳಿಗೆ ಶೇ 2ರಂತೆ ಬಡ್ಡಿ, ತಿಂಗಳ ತುಣುಕೂ ಪೂರ್ತಿ ತಿಂಗಳೆಂದೇ ಲೆಕ್ಕ ಎಂದು ಕಾಯ್ದೆಯ 8ನೇ ಕಲಂ ಹೇಳುತ್ತದೆ. ಈ ಎರಡು ವಾಕ್ಯ ಬರೆದಿದ್ದರೆ ಪರಿಣಾಮದ ಕಲಂ ತಾನಾಗಿಯೇ ತುಂಬುತ್ತಿತ್ತು. ಲೆಕ್ಕ ಸುಲಭವಾಗಲೆಂದು ದುಂಡು ಮೊತ್ತ ಹಿಡಿಯುತ್ತೇನೆ: 2023ರ ಮಾರ್ಚ್ 20ರಂದು ಹತ್ತು ಲಕ್ಷದ ಬಿಲ್ಲು ಪಾವತಿಯಾಗಿ ಹತ್ತು ಸಾವಿರ ಸೆಸ್ ಕಟಾವಾಯಿತೆಂದರೆ ಗಡುವು ಏಪ್ರಿಲ್ 19. ತಪಾಸಣೆ 2024ರ ಸೆಪ್ಟೆಂಬರ್ 10ರಂದು ನಡೆದಿದ್ದರೆ ಅಷ್ಟರಲ್ಲಿ 17 ತಿಂಗಳು ತಡ, ಶೇ 34, ಅಂದರೆ 3,400 ರೂಪಾಯಿ ಬಡ್ಡಿ. ಗುತ್ತಿಗೆದಾರನ ಪಾಲು ಆಗಲೇ ಮುರಿದುಕೊಂಡಾಗಿದೆ. ಹಣ ಇಟ್ಟುಕೊಂಡು ಕೂತದ್ದು ಪಂಚಾಯಿತಿ, ಆದ್ದರಿಂದ ಈ ಹೊರೆ ಅದರ ಸ್ವಂತ ನಿಧಿಯ ಮೇಲೆ ಬೀಳುವ ಸಂಭವವಿದೆ. ‘ಸಂಭವವಿದೆ’ ಎಂದೇ ಬರೆಯಬೇಕು, ಏಕೆಂದರೆ ಬೇಡಿಕೆ ನೋಟಿಸ್ ಇನ್ನೂ ಬಂದಿಲ್ಲ. ಈ ಸೆಸ್ ಬಾರದ್ದರಿಂದ ಇಂಥ ಕಾರ್ಮಿಕನ ಮಗಳಿಗೆ ವಿದ್ಯಾರ್ಥಿವೇತನ ತಪ್ಪಿತು ಎಂದೆಲ್ಲ ಬರೆದರೆ ಅದು ಉತ್ಪ್ರೇಕ್ಷೆ. ಪರಿಣಾಮವನ್ನು ಉಬ್ಬಿಸಿ ಬರೆಯುವುದೂ ಲೆಕ್ಕಪರಿಶೋಧನೆಯ ದೋಷವೇ. ತಮ್ಮ ವರದಿಯಲ್ಲಿ ಉಬ್ಬಿಸಿದ್ದೂ ಇಲ್ಲ, ಅಳೆದದ್ದೂ ಇಲ್ಲ. ‘ಆರ್ಥಿಕ ಶಿಸ್ತಿನ ಉಲ್ಲಂಘನೆ’ ಎಂದಿದೆ, ಅಷ್ಟೆ.

ನಿಜವಾದ ವಂಚನೆ ಇರುವುದು ಕಾರಣದ ಕಲಮಿನಲ್ಲಿ. ಜಮೆ ಮಾಡಿಲ್ಲ ಎಂಬುದು ಸ್ಥಿತಿ. ಏಕೆ ಮಾಡಿಲ್ಲ ಎಂದು ಕೇಳಿದರೆ ‘ನಿಯಮ ಪಾಲಿಸದಿರುವುದು’ ಎನ್ನುವುದು ಸ್ಥಿತಿಯನ್ನೇ ಇನ್ನೊಂದು ಸಲ ಹೇಳಿದಂತೆ. ಜ್ವರಕ್ಕೆ ಮೈ ಬಿಸಿಯಾಗಿರುವುದೇ ಕಾರಣ ಎಂದು ಚೀಟಿ ಬರೆದ ವೈದ್ಯರ ಬಳಿ ಎರಡನೇ ಸಲ ಯಾರೂ ಹೋಗುವುದಿಲ್ಲ. ಕಾರಣ ಪೊಳ್ಳಾದ ಮೇಲೆ ಶಿಫಾರಸೂ ಪೊಳ್ಳಾಗಲೇಬೇಕು: ಮಾನದಂಡವನ್ನೇ ತಿರುಗಿಸಿ ‘ಪಾಲಿಸತಕ್ಕದ್ದು’ ಎಂದು ಬರೆದರೆ ಮುಗಿಯಿತು. ಹೀಗೆ ಐದು ಕಲಮುಗಳಲ್ಲಿ ಉಳಿದದ್ದು ಎರಡೇ ಮಾತು, ಏನಾಗಿದೆ ಮತ್ತು ಏನಾಗಬೇಕಿತ್ತು. ಹಳೆಯ ಒಂದೇ ಕಂಡಿಕೆಯ ವರದಿಯಲ್ಲೂ ಈ ಎರಡು ಇದ್ದವು. ಹೆಚ್ಚಾಗಿರುವುದು ಕಾಗದ ಮಾತ್ರ.

ಕಾರಣ ಪತ್ತೆ ಮಾಡುವುದು ತನಿಖಾ ಸಂಸ್ಥೆಯ ಕೆಲಸ, ನಮ್ಮದಲ್ಲ ಎಂದು ತಮ್ಮ ಕಚೇರಿಯವರು ಹೇಳುತ್ತಾರೆ. ಯಾರ ಉದ್ದೇಶ ಏನಿತ್ತು ಎಂದು ಯಾರೂ ಕೇಳುತ್ತಿಲ್ಲ. ಮೇಜಿನ ಮೇಲೆ ಬಿದ್ದಿರುವ ವೋಚರುಗಳೇ ಬಹಳಷ್ಟು ಹೇಳುತ್ತವೆ. ಅದೇ ಬಿಲ್ಲಿನಲ್ಲಿ ಆದಾಯ ತೆರಿಗೆಯ ಟಿಡಿಎಸ್ ಕೂಡ ಕಟಾವಾಗಿರುತ್ತದೆ, ಎರಡೂವರೆ ಲಕ್ಷ ಮೀರಿದ ಗುತ್ತಿಗೆಯಾದರೆ ಶೇ 2ರ ಜಿಎಸ್‌ಟಿ ಟಿಡಿಎಸ್ ಕೂಡ. ಅವೆರಡೂ ಹೊತ್ತಿಗೆ ಸರಿಯಾಗಿ ಜಮೆಯಾಗಿ, ಕಾರ್ಮಿಕ ಸೆಸ್ ಮಾತ್ರ ಉಳಿದಿದ್ದರೆ, ಪಿಡಿಒಗೆ ಕಟಾವಣೆ ಗೊತ್ತಿಲ್ಲ ಎಂಬ ಮಾತು ಬಿದ್ದುಹೋಯಿತು, ಚಲನ್ ತುಂಬಲು ಸಿಬ್ಬಂದಿ ಇಲ್ಲ ಎಂಬ ಮಾತೂ ಬಿದ್ದುಹೋಯಿತು. ಉಳಿಯುವ ವ್ಯತ್ಯಾಸ ಒಂದೇ. ಆದಾಯ ತೆರಿಗೆಗೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸಬೇಕು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಸೆಸ್‌ಗೆ ಹಾಗೆ ನಿಯತವಾಗಿ ಎಚ್ಚರಿಸುವ ವ್ಯವಸ್ಥೆ ಪಂಚಾಯಿತಿಯೊಳಗೆ ಇಲ್ಲ. ಅಂದರೆ ಕಾರಣ ಮರೆವೂ ಅಲ್ಲ, ಮೋಸವೂ ಅಲ್ಲ. ಕೇಳುವವರಿಲ್ಲದ ಕಟಾವಣೆ ಕೊನೆಗೆ ಉಳಿಯುತ್ತದೆ ಎಂಬುದು. ಎಲ್ಲ ಕಟಾವಣೆಗಳೂ ಒಟ್ಟಿಗೇ ನಿಂತಿದ್ದರೆ ಬೇರೆ ಕಥೆ. ಆಗ ನಿಂತ ತಿಂಗಳು ಯಾವುದೆಂದು ನೋಡಬೇಕು. ಪಿಡಿಒ ವರ್ಗವಾದ ತಿಂಗಳೋ, ಲೆಕ್ಕ ಸಹಾಯಕರ ಹುದ್ದೆ ಖಾಲಿ ಬಿದ್ದ ತಿಂಗಳೋ. ಇನ್ನೂ ಒಂದು ಪರೀಕ್ಷೆಯಿದೆ, ಬ್ಯಾಂಕ್ ಪಾಸ್‌ಪುಸ್ತಕ ತೆರೆದರೆ ಸಾಕು. ಜಮೆಯಾಗದೆ ಉಳಿದ ಸೆಸ್ ಮೊತ್ತಕ್ಕಿಂತ ಖಾತೆಯ ಶಿಲ್ಕು ಯಾವ ದಿನವಾದರೂ ಕೆಳಗಿಳಿದಿತ್ತೇ? ಇಳಿದಿದ್ದರೆ, ಬೇರೆಯವರ ಹಣ ಪಂಚಾಯಿತಿಯ ಬೇರೆ ಖರ್ಚಿಗೆ ಹೋಗಿದೆ ಎಂದರ್ಥ. ಇಳಿದಿಲ್ಲವಾದರೆ ಹಣವಿತ್ತು, ಕಳಿಸಲಿಲ್ಲ, ಅಷ್ಟೆ. ಇದಕ್ಕೆ ಠಾಣೆಯೂ ಬೇಡ, ಸಮನ್ಸೂ ಬೇಡ.

ಕಾರಣ ಬೇರೆಯಾದರೆ ಮದ್ದೂ ಬೇರೆ. ಕೇಳುವವರಿಲ್ಲದ್ದು ಕಾರಣವಾದರೆ, ಹಿಂದಿನ ತಿಂಗಳ ಸೆಸ್ ಚಲನ್ ಲಗತ್ತಿಸದೆ ಹೊಸ ಕಾಮಗಾರಿ ಬಿಲ್ಲಿಗೆ ಅಧ್ಯಕ್ಷರೂ ಪಿಡಿಒ ಅವರೂ ಸಹಿ ಹಾಕಬಾರದು, ಬಾಕಿ ಕಟಾವಣೆಯ ಮೊತ್ತವನ್ನು ಪ್ರತಿ ತಿಂಗಳ ಸಾಮಾನ್ಯ ಸಭೆಯ ಜಮಾ-ಖರ್ಚಿನಲ್ಲಿ ಬೇರೆಯಾಗಿ ತೋರಿಸಬೇಕು ಎಂದು ಬರೆಯಬಹುದು. ಹಣ ಬೇರೆ ಖರ್ಚಿಗೆ ಹೋದದ್ದು ಕಾರಣವಾದರೆ ಚಲನ್ ಕೇಳಿ ಪ್ರಯೋಜನವಿಲ್ಲ; ಮರುಪಾವತಿಗೆ ದಿನಾಂಕ ಗೊತ್ತು ಮಾಡಬೇಕು, ಹೊಣೆ ಯಾರದೆಂದು ನಿಗದಿ ಮಾಡಬೇಕು. ಹುದ್ದೆ ಖಾಲಿಯಿದ್ದುದು ಕಾರಣವಾದರೆ ಶಿಫಾರಸು ಪಂಚಾಯಿತಿಗಲ್ಲ, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿಗೆ ಹೋಗಬೇಕು. ‘ನಿಯಮ ಪಾಲಿಸತಕ್ಕದ್ದು’ ಎಂಬ ಮಾತು ಈ ಮೂರರಲ್ಲಿ ಯಾರನ್ನು ಕುರಿತದ್ದು? ಅದಕ್ಕೆ ಪಂಚಾಯಿತಿ ಕೊಡುವ ಅನುಪಾಲನಾ ವರದಿಯೂ ಅಷ್ಟೇ ಸಲೀಸು: ‘ಮುಂದೆ ಪಾಲಿಸಲಾಗುವುದು’. ಕಂಡಿಕೆ ತೀರುವಳಿಯಾಯಿತು. ಮರುವರ್ಷ ಅದೇ ಆಕ್ಷೇಪಣೆ.

ಶಿಫಾರಸು ಮಾಡಿದರೆ ಮರುವರ್ಷ ನಮ್ಮ ಸಲಹೆಯನ್ನೇ ನಾವು ತಪಾಸಣೆ ಮಾಡಿದಂತಾಗುತ್ತದೆ, ಸ್ವತಂತ್ರತೆಗೆ ಧಕ್ಕೆ ಎಂಬ ಇನ್ನೊಂದು ವಾದವಿದೆ. ಇದರಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಲೆಕ್ಕಪರಿಶೋಧಕರು ತಾವೇ ವಹಿ ಬರೆದುಕೊಟ್ಟರೆ, ಬಿಲ್ಲು ಪಾಸು ಮಾಡಲು ಕೂತರೆ ಅದು ತಪ್ಪು. ಆದರೆ ಯಾವ ತಪಾಸಣೆಯ ಕೊಂಡಿ ಕಳಚಿದೆ, ಅದನ್ನು ಯಾರು ಹಾಕಬೇಕು ಎಂದು ತೋರಿಸುವುದು ಆಡಳಿತ ನಡೆಸುವುದಲ್ಲ. ಒಪ್ಪುವುದು ಬಿಡುವುದು ಪಂಚಾಯಿತಿಗೆ ಬಿಟ್ಟದ್ದು, ಒಪ್ಪದಿದ್ದರೆ ಏಕೆಂದು ಅದೂ ದಾಖಲಾಗಲಿ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನೆಯ ‘ಹಳದಿ ಪುಸ್ತಕ’ ಕೂಡ ಮಾನದಂಡ, ಸ್ಥಿತಿ, ಕಾರಣ, ಪರಿಣಾಮಗಳನ್ನು ಆಕ್ಷೇಪಣೆಯ ಅಂಗಗಳೆಂದು ಹೇಳಿ, ಯಾವುದು ಎಷ್ಟು ಬೇಕೆಂಬುದನ್ನು ತಪಾಸಣೆಯ ಉದ್ದೇಶಕ್ಕೆ ಬಿಡುತ್ತದೆ. ಇದನ್ನು ತಮ್ಮ ಪರವಾಗಿಯೇ ಹೇಳುತ್ತಿದ್ದೇನೆ. ರಸೀದಿಗೆ ಮೊಹರು ಬಿದ್ದಿಲ್ಲ ಎಂಬುದಕ್ಕೆಲ್ಲ ಐದು ಭಾಗದ ಪ್ರಬಂಧ ಬೇಡ. ಅಂಥವನ್ನು ಒಂದು ಪಟ್ಟಿಯಲ್ಲಿ ಹಾಕಿ ಬಿಡಿ. ಸಿಬ್ಬಂದಿ ಕಡಿಮೆ, ಪಂಚಾಯಿತಿ ಹೆಚ್ಚು ಎಂಬ ತಮ್ಮ ಸಬೂಬಿಗೂ ಉತ್ತರ ಇಲ್ಲಿಯೇ ಇದೆ. ಎಲ್ಲ ಕಂಡಿಕೆಗೂ ಸುಳ್ಳು ಕಾರಣ ತುಂಬಲು ಹಿಡಿದ ಹೊತ್ತನ್ನು, ಹಣ ಸೋರಿದ ಕೆಲವೇ ಕಂಡಿಕೆಗಳಿಗೆ ನಿಜವಾದ ಕಾರಣ ಹುಡುಕಲು ಕೊಡಬಹುದಿತ್ತು.

ಮೊದಲಿನ ವರದಿಯಲ್ಲಿ ಕಾರಣವೇ ಇರಲಿಲ್ಲ, ಅದನ್ನಾದರೂ ಸಹಿಸಬಹುದಿತ್ತು. ಇಲ್ಲದ್ದು ಇಲ್ಲವೆಂದು ಕಾಣುತ್ತಿತ್ತು, ಜಮಾಬಂದಿಯಲ್ಲಿ ಯಾರಾದರೂ ಎದ್ದು ಕೇಳಬಹುದಿತ್ತು. ಈಗ ಕೇಳಿದರೆ ‘ಬರೆದಿದೆಯಲ್ಲ, ನೋಡಿ’ ಎಂದು ಕಲಂ ತೋರಿಸುತ್ತಾರೆ. ತಾವು ಮಾತು ತಪ್ಪಿದ್ದರೆ ಅದು ಒಂದು ತಪ್ಪು. ಮಾತು ಉಳಿಸಿಕೊಂಡಂತೆ ನಮೂನೆ ಮಾಡಿಸಿ, ಒಂದೇ ವಾಕ್ಯವನ್ನು ಕಂಪ್ಯೂಟರಿನಲ್ಲಿ ಮೇಲಿಂದ ಕೆಳಗೆ ಎಳೆಸಿದ್ದನ್ನು ಏನೆಂದು ಕರೆಯಬೇಕು? ವೋಚರ್ ಮೇಲೆ ಸಹಿಯಿದೆ, ಕೆಲಸ ಮಾತ್ರ ಆಗಿಲ್ಲ ಎಂಬುದಕ್ಕೆ ತಾವೇ ಪಂಚಾಯಿತಿಗಳ ಮೇಲೆ ಆಕ್ಷೇಪಣೆ ಎತ್ತುತ್ತೀರಲ್ಲವೇ? ಅದೇ ಗಜಕಡ್ಡಿಯಿಂದ ತಮ್ಮ ವರದಿಯನ್ನು ಅಳೆಯುವವರು ಯಾರು? ಪಟ್ಟಣ ಪಂಚಾಯಿತಿ, ಪುರಸಭೆಗಳ ವರದಿಗೂ ಇದೇ ನಮೂನೆ ಕಳಿಸಲು ಹೊರಟಿದ್ದೀರೆಂದು ಕೇಳಿದ್ದೇವೆ. ಅಲ್ಲಿ ಆಸ್ತಿ ತೆರಿಗೆ ಬಾಕಿ, ನೀರಿನ ಕಂದಾಯ, ಮಳಿಗೆ ಬಾಡಿಗೆ ಎಲ್ಲಕ್ಕೂ ‘ನಿಯಮ ಪಾಲಿಸದಿರುವುದು’ ಎಂದೇ ಬರೆಸುತ್ತೀರಾ?

ನಾವು ಕೇಳುವುದು ಇಷ್ಟು. ಸೆಸ್, ತೆರಿಗೆ ವಸೂಲಿ ಮತ್ತು ಮುಂಗಡ ಹಣದ ಕಂಡಿಕೆಗಳನ್ನು ವಾಪಸು ಪಡೆದು, ಕಾರಣವನ್ನು ದಾಖಲೆಯ ಆಧಾರದೊಂದಿಗೆ ತಿದ್ದಿ ಬರೆಸಿ. ದಾಖಲೆಯಿಂದ ಕಾರಣ ಗೊತ್ತಾಗದಿದ್ದರೆ ‘ಗೊತ್ತಾಗಲಿಲ್ಲ’ ಎಂದು ಬರೆಸಿ, ಏನೇನು ನೋಡಿದಿರಿ, ಯಾರನ್ನು ಕೇಳಿದಿರಿ ಎಂಬುದನ್ನು ಸೇರಿಸಿ. ಶಿಫಾರಸಿನಲ್ಲಿ ಹುದ್ದೆಯ ಹೆಸರು ಮತ್ತು ಗಡುವು ಇರಲಿ. ಅಲ್ಲಿಯವರೆಗೆ ‘ಮುಂದೆ ಪಾಲಿಸಲಾಗುವುದು’ ಎಂಬ ಉತ್ತರದ ಮೇಲೆ ಒಂದು ಕಂಡಿಕೆಯನ್ನೂ ತೀರುವಳಿ ಮಾಡಬೇಡಿ. ಇದು ಆಗದು ಎನ್ನುವುದಾದರೆ, ಆಗದೆಂದು ತಮ್ಮದೇ ಸಹಿಯಲ್ಲಿ ಬರೆದು ಕೊಡಿ, ಮತ್ತು ಸಭಾ ನಡವಳಿಯಿಂದ ಆ ಭರವಸೆಯನ್ನು ಹೊಡೆದು ಹಾಕಿಸಿ.

ಇತಿ,
ಪಂಚಾಯಿತಿಗೆ ಕಂದಾಯ ಕಟ್ಟುವವನೊಬ್ಬ